ಅಮ್ಮನ ವೈಕುಂಠ ಸಮಾರಾಧನೆಗೆ ಆಹ್ವಾನ

ಶ್ರೀ

ಹೊಳೆನರಸೀಪುರ
6-2-2026, ಶುಕ್ರವಾರ

ಬಂಧುಗಳೇ, ಬೀದಿಯವರೇ, ಅಮ್ಮನ ಸ್ನೇಹಿತೆಯರೇ,

ಸೂತಕದಲ್ಲಿ ನಮಸ್ಕಾರ ಹೇಳಬಾರದು ಅಂತಾರೆ ದೊಡ್ಡವರು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇವೆ.

ನಮ್ಮ ಅಮ್ಮ ಸಾವಿತ್ರಮ್ಮನವರು ವಿಶ್ವಾವಸು ಸಂವತ್ಸರದ ಮಾಘ ಬಹುಳ ಪಾಡ್ಯ, 2-2-2026ರ ಸೋಮವಾರ ಬೆಳಗ್ಗೆ ಎಂಟೂವರೆಗೆ ದೈವಾಧೀನರಾದರು. ಅವರಿಗೆ 84 ತುಂಬಿತ್ತು. ಆಸ್ಪತ್ರೆ, ಡ್ರಿಪ್ಪು ಏನೂ ಇರಲಿಲ್ಲ. ಎರಡನೇ ಸಲದ ಕಾಫಿ ಅರ್ಧ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೇ ಹೋದರು. ಲೋಟ ಉರುಳಿರಲೂ ಇಲ್ಲ.

ಅವರ ಹದಿಮೂರನೇ ದಿನದ ವೈಕುಂಠ ಸಮಾರಾಧನೆಯನ್ನು ಇದೇ 14-2-2026ರ ಶನಿವಾರ, ಮಾಘ ಬಹುಳ ದ್ವಾದಶಿಯಂದು, ಹೊಳೆನರಸೀಪುರದ ಕೋಟೆಯ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ತಾವು ಮನೆಯವರೆಲ್ಲರ ಜೊತೆ ಬಂದು, ಅಮ್ಮನ ಆತ್ಮಕ್ಕೆ ಸದ್ಗತಿ ಕೋರಿ, ಊಟ ಮಾಡಿಕೊಂಡು ಹೋಗಬೇಕು. ಊಟ ಮಾಡದೆ ಹೋದವರನ್ನು ಅಮ್ಮ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತಿದ್ದರು ಅಂತ ನಿಮಗೇ ಗೊತ್ತು.

ದಾಯಾದಿಗಳಿಗೆ ಒಂದು ಮಾತು. ಹತ್ತನೇ ದಿನದ ಧರ್ಮೋದಕ 11ರ ಬುಧವಾರ ಬೆಳಗ್ಗೆ 9ಕ್ಕೆ ಹೇಮಾವತಿ ಹೊಳೆಯ ದಡದಲ್ಲಿ. ಹನ್ನೊಂದು, ಹನ್ನೆರಡನೇ ದಿನದ ಕ್ರಿಯೆಗಳು ಮನೆಮಟ್ಟಿಗೆ ನಡೆಯುತ್ತವೆ. ಮಿಕ್ಕವರು ಶನಿವಾರ ಬಂದರೆ ಸಾಕು, ರಜೆ ಹಾಕಿ ಮೂರು ಮೂರು ಸಲ ಓಡಾಡಬೇಡಿ.

ಶನಿವಾರ ಬೆಳಗ್ಗೆ 7ಕ್ಕೆ ಪುಣ್ಯಾಹ ಶುರು. ರಾಹುಕಾಲ ಒಂಬತ್ತಕ್ಕೆ, ಅದರೊಳಗೆ ಹೋಮದ ಸಂಕಲ್ಪ ಆಗಲೇಬೇಕು ಅಂತ ಪುರೋಹಿತರು ಗಟ್ಟಿಯಾಗಿ ಹೇಳಿದ್ದಾರೆ. ಹಾಗಾಗಿ ಅಕ್ಕಂದಿರು, ಭಾವಂದಿರು ಹಿಂದಿನ ರಾತ್ರಿಯೇ ಬಂದುಬಿಡಿ. ಹಾಸಿಗೆ, ಹೊದಿಕೆ ಇದೆ. ರಾತ್ರಿ ಹೊಳೆ ಕಡೆಯಿಂದ ಚಳಿ ಬೀಸುತ್ತದೆ, ವಯಸ್ಸಾದವರು ಸ್ವೆಟರ್ ಮರೆಯಬೇಡಿ. 11 ಗಂಟೆಗೆ ಶುಭಸ್ವೀಕಾರ, ಆಶೀರ್ವಾದ. ಬೇರೆಯವರು ಅಷ್ಟು ಹೊತ್ತಿಗೆ ಬಂದರೆ ಸರಿಯಾಗುತ್ತದೆ.

ಊಟದ ವಿಷಯ ಸ್ವಲ್ಪ ಜಾಸ್ತಿಯೇ ಬರೆಯಬೇಕು, ಯಾಕೆಂದರೆ ಈ ಸಲ ದಿನ ಹಾಗೆ ಬಂದಿದೆ. ಶುಕ್ರವಾರ ಏಕಾದಶಿ. ಅಮ್ಮ ಎಪ್ಪತ್ತು ದಾಟಿದ ಮೇಲೂ ಏಕಾದಶಿ ಬಿಟ್ಟವರಲ್ಲ. ಮಾರನೇ ಬೆಳಗ್ಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಮಾಡಿ, ನಾವು ಹಲ್ಲುಜ್ಜುವಷ್ಟರಲ್ಲಿ ಎಲೆ ಹಾಕಿಬಿಡುತ್ತಿದ್ದರು. ನಿಮ್ಮಲ್ಲೂ ಉಪವಾಸ ಮಾಡುವವರು ಇದ್ದೀರಿ. ಅಂಥವರಿಗೆ ಬೆಳಗ್ಗೆ 7:30ಕ್ಕೆ ಪಕ್ಕದ ಮನೆ ಜಗಲಿಯಲ್ಲಿ ಪಾರಣೆಗೆ ವ್ಯವಸ್ಥೆ ಮಾಡಿದ್ದೇವೆ. ಅದೇ ಪಲ್ಯ, ಅದೇ ತಂಬುಳಿ ಇರುತ್ತದೆ. ಅಮ್ಮನ ಕೈರುಚಿ ಬರುತ್ತದೆ ಅಂತ ಮಾತ್ರ ಹೇಳಲಾರೆವು. ಉಳಿದವರಿಗೆ ಆ ಹೊತ್ತಿಗೆ ಉಪ್ಪಿಟ್ಟು, ಕಾಫಿ.

ಮಧ್ಯಾಹ್ನ ಹಿತ್ತಲಿನ ಶಾಮಿಯಾನದಲ್ಲಿ ಬಾಳೆಲೆ ಊಟ. ಬ್ರಾಹ್ಮಣರ ಊಟವಾದ ಮೇಲೆ 12:30ಕ್ಕೆ ಮೊದಲ ಪಂಕ್ತಿ, ಆಮೇಲೆ ಇನ್ನೆರಡು. ಸಕ್ಕರೆ ಕಾಯಿಲೆಯವರು, ಮಾತ್ರೆ ತೆಗೆದುಕೊಳ್ಳುವವರು, ಚಿಕ್ಕ ಮಕ್ಕಳಿರುವವರು ಮೊದಲ ಪಂಕ್ತಿಗೇ ಕೂರಿ, ಸಂಕೋಚ ಬೇಡ. ನೆಲಕ್ಕೆ ಕೂರಲಾಗದವರಿಗೆ ಒಂದು ಸಾಲು ಟೇಬಲ್ ಹಾಕಿಸಿದ್ದೇವೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಕೋಸಂಬರಿ, ಆಂಬೊಡೆ, ಮಜ್ಜಿಗೆ ಹುಳಿ, ಹಯಗ್ರೀವ ಎಲ್ಲ ಎಲ್ಲ ಕಡೆ ಇರುವಂಥದ್ದೇ. ಒಂದು ಮಾತ್ರ ಅಮ್ಮನ ನೆನಪಿಗೆ ಅಂತ ಸೇರಿಸಿದ್ದೇವೆ, ಹೆರಳೆಕಾಯಿ ಚಿತ್ರಾನ್ನ. ಕಾಯಿ ಹಿತ್ತಲಿನ ಗಿಡದ್ದೇ. ಅಮ್ಮ ನೆಟ್ಟ ಗಿಡ.

ಎಷ್ಟು ಜನ ಬರುತ್ತೀರಿ ಅಂತ 10ರ ಮಂಗಳವಾರದೊಳಗೆ ಈ ಕಾಗದ ಬಂದ ವಾಟ್ಸಾಪ್ ನಂಬರಿಗೇ ತಿಳಿಸಿ. ಅಡುಗೆಯವರಿಗೆ ಬುಧವಾರ ಲೆಕ್ಕ ಕೊಡಬೇಕು. 'ನೋಡೋಣ' ಅನ್ನುವುದಾದರೆ ಬರುತ್ತೀರಿ ಅಂತಲೇ ಎಣಿಸಿಕೊಳ್ಳುತ್ತೇವೆ. ಅಮ್ಮನ ಲೆಕ್ಕವೂ ಹಾಗೇ ಇತ್ತು.

ಇನ್ನು ನಮ್ಮ ಕೋರಿಕೆಗಳು. ಅಮ್ಮನ ಕಬ್ಬಿಣದ ಟ್ರಂಕಿನಲ್ಲಿ 200 ಪುಟದ ಒಂದು ನೋಟ್‌ಬುಕ್ ಸಿಕ್ಕಿತು. ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು, ತಿರುಗಿ ನಾವು ಎಷ್ಟು ಮಾಡಿದೆವು, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ತೀರಿದ ಲೆಕ್ಕಕ್ಕೆ ಒಂದು ಗೀಟು. ನಿಮ್ಮನ್ನೆಲ್ಲ ಕರೆಯುವ ಪಟ್ಟಿ ಮಾಡಿದ್ದೂ ಅದನ್ನೇ ನೋಡಿಕೊಂಡು. ನಮಗೆ ಕಂಡಂತೆ ಗೀಟು ಬೀಳದ ಸಾಲು ಒಂದೂ ಇಲ್ಲ. ಅದಕ್ಕೇ ದಯವಿಟ್ಟು ಶುಭಸ್ವೀಕಾರಕ್ಕೆ ಅಂತ ಪಂಚೆ, ಸೀರೆ, ಲಕೋಟೆ ತರಬೇಡಿ. ಹೊಸ ಲೆಕ್ಕ ಶುರು ಮಾಡುವುದು ಬೇಡ. ತವರಿನಿಂದ ಬರಬೇಕಾದ ಬಟ್ಟೆ ಸೋದರಮಾವ ತರುತ್ತಾರೆ, ಅಷ್ಟು ಸಾಕು. ಹಾರವೂ ಬೇಡ. ನಿಮ್ಮ ಮನೆಯಲ್ಲಿ ಬಿಟ್ಟ ಎರಡು ಹೂವು ತಂದರೆ ಫೋಟೋ ಮುಂದೆ ಇಡೋಣ.

ತರಬೇಡಿ ಅಂದೆವು, ಆದರೆ ತೆಗೆದುಕೊಂಡು ಹೋಗಬೇಕಾದ್ದು ಇದೆ. ಉಗ್ರಾಣದ ಅಟ್ಟದಲ್ಲಿ ನಮ್ಮದಲ್ಲದ ಪಾತ್ರೆಗಳು ಸಿಕ್ಕಿವೆ. 'ಕೆ.ಎಸ್.ಆರ್.' ಅಂತ ಹೆಸರು ಕೆತ್ತಿದ ಒಂದು ಸ್ಟೀಲ್ ಡಬರಿ, 'ಜಯ' ಅಂತ ಬರೆದ ಎರಡು ಊಟದ ಡಬ್ಬಿ, ಕಿವಿ ಮುರಿದ ಒಂದು ಹಿತ್ತಾಳೆ ಕೊಳಗ. ಯಾವುದೋ ಹಬ್ಬಕ್ಕೆ ನಿಮ್ಮ ಮನೆಯಿಂದ ಹೋಳಿಗೆಯೋ ಚಕ್ಕುಲಿಯೋ ತುಂಬಿಕೊಂಡು ಬಂದಿರಬೇಕು. ಖಾಲಿ ಪಾತ್ರೆ ವಾಪಸ್ ಕಳಿಸಬಾರದು ಅಂತ ಅಮ್ಮ ಏನಾದರೂ ಮಾಡುವವರೆಗೆ ಇಟ್ಟುಕೊಂಡಿದ್ದಾರೆ. ಜಗಲಿ ಮೇಲೆ ಜೋಡಿಸಿಟ್ಟಿರುತ್ತೇವೆ, ಗುರುತು ಸಿಕ್ಕವರು ಒಯ್ಯಿರಿ. ಒಳಗೆ ಚಿತ್ರಾನ್ನ ತುಂಬಿಯೇ ಕೊಡುತ್ತೇವೆ. ನಮ್ಮ ಪಾತ್ರೆ ನಿಮ್ಮಲ್ಲಿದ್ದರೆ ಅದು ನಿಮ್ಮಲ್ಲೇ ಇರಲಿ.

ಮಧ್ಯಾಹ್ನ 3ಕ್ಕೆ ಅಮ್ಮನ ಭಜನೆ ಗುಂಪಿನವರು ನಾಲ್ಕು ದೇವರನಾಮ ಹಾಡುತ್ತಾರೆ. ಮೈಕ್ ಇಲ್ಲ, ಭಾಷಣ ಇಲ್ಲ. ಅಮ್ಮನ ಬಗ್ಗೆ ಹೇಳುವುದಿದ್ದರೆ ಎಲೆ ಮುಂದೆ ಕೂತಾಗಲೇ ಹೇಳಿ, ನಾವು ಬಡಿಸುತ್ತಾ ಕೇಳಿಸಿಕೊಳ್ಳುತ್ತೇವೆ.

ದಾರಿ ಗೊತ್ತಿಲ್ಲದವರಿಗೆ: ಹಾಸನದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಮೈಸೂರು, ಹಾಸನ ಎರಡೂ ಕಡೆಯಿಂದ ರೈಲೂ ಇದೆ. ಬೆಂಗಳೂರಿನವರು ಚನ್ನರಾಯಪಟ್ಟಣದ ಮೇಲೆ ಬನ್ನಿ. ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ಬಂದು ಸಾವಿತ್ರಮ್ಮನ ಮನೆ ಅಂದರೆ ಯಾರಾದರೂ ತೋರಿಸುತ್ತಾರೆ. ಬೀದಿ ಸಣ್ಣದು, ಎರಡು ಕಾರು ಎದುರುಬದುರಾದರೆ ಮುಗಿಯಿತು. ಗಾಡಿ ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ವಯಸ್ಸಾದವರನ್ನು ಕರೆತರಲು ನಮ್ಮ ಹುಡುಗರು ಆಟೋ ಇಟ್ಟುಕೊಂಡಿರುತ್ತಾರೆ. ಅವತ್ತು ಎರಡನೇ ಶನಿವಾರ, ಭಾನುವಾರ ಶಿವರಾತ್ರಿ. ಬಸ್ಸುಗಳು ತುಂಬಿರುತ್ತವೆ, ವಾಪಸ್ ಟಿಕೆಟ್ ಮೊದಲೇ ಮಾಡಿಸಿಕೊಳ್ಳಿ. ಉಳಿದುಕೊಂಡರೆ ಇನ್ನೂ ಸಂತೋಷ.

ಸೋಮವಾರ ಸುದ್ದಿ ಕೇಳಿದ ಕೂಡಲೇ ಓಡಿ ಬಂದವರಿಗೆ, ನಮ್ಮ ಮನೆಯಲ್ಲಿ ಒಲೆ ಹಚ್ಚದ ಹೊತ್ತಿನಲ್ಲಿ ಅನ್ನ, ಸಾರು, ಫ್ಲಾಸ್ಕಿನಲ್ಲಿ ಕಾಫಿ ತಂದುಕೊಟ್ಟ ಬೀದಿಯವರಿಗೆ ಏನು ಹೇಳಬೇಕೋ ತಿಳಿಯದು. ಅವರನ್ನೆಲ್ಲ ಮನೆ ಮನೆಗೆ ಬಂದು ಕರೆಯಬೇಕಿತ್ತು. ಸೂತಕ, ಬರುವ ಹಾಗಿಲ್ಲ. ಈ ಕಾಗದವನ್ನೇ ನಾವು ಬಂದು ಕರೆದೆವು ಅಂದುಕೊಳ್ಳಿ. ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ತಪ್ಪು ನಮ್ಮದು, ಅಮ್ಮನ ನೋಟ್‌ಬುಕ್ಕಿನದಲ್ಲ.

ಇಂಥ ಕಾಗದ ಓದಿದ ಮೇಲೆ ಹರಿದುಹಾಕುವ ಪದ್ಧತಿ ಇದೆ. ಹರಿಯಿರಿ, ಬೇಸರವಿಲ್ಲ. ಹರಿಯುವ ಮುಂಚೆ ತಾರೀಖು ಬರೆದಿಟ್ಟುಕೊಳ್ಳಿ.

ಇಂತಿ ದುಃಖತಪ್ತರು,
ಮಕ್ಕಳು ರಾಮಚಂದ್ರ, ನಾಗರಾಜ, ವಿಜಯ, ಶಾರದೆ
ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಮತ್ತು ಒಬ್ಬಳೇ ಮರಿಮಗಳು