ಎಬಿಸಿ ಮತ್ತು ಕಾನ್‌ಬಾನ್: ಪರೀಕ್ಷೆಗೆ ಮುಂಚೆ ಒಮ್ಮೆ ಓದಿಕೊಳ್ಳಿ

ನಾಳೆ ಆಪರೇಷನ್ಸ್ ಪೇಪರ್ ಅಲ್ವಾ? ಇವೆರಡೂ ಒಂದೇ ಯೂನಿಟ್‌ನಲ್ಲಿ ಬರುತ್ತವೆ ಅಂತ ಜಾಸ್ತಿ ಜನ ಕಲಸಿಬಿಡುತ್ತಾರೆ. ಎಬಿಸಿ ಹೇಳುವುದು ಯಾವ ಸಾಮಾನಿನ ಮೇಲೆ ಎಷ್ಟು ಕಣ್ಣಿಡಬೇಕು ಅಂತ. ಕಾನ್‌ಬಾನ್ ಹೇಳುವುದು ಯಾವಾಗ ತಯಾರಿಸಬೇಕು, ಯಾವಾಗ ಸಾಗಿಸಬೇಕು ಅಂತ. ಕೆಲಸಗಳೇ ಬೇರೆ.

ಮೊದಲು ಎಬಿಸಿ. ಇದನ್ನು ಶುರು ಮಾಡಿದ್ದು ಜನರಲ್ ಎಲೆಕ್ಟ್ರಿಕ್‌ನ ಎಚ್. ಫೋರ್ಡ್ ಡಿಕಿ, 1951ರಲ್ಲಿ. ಹಿಂದಿರುವ ವಿಚಾರ ಪರೇಟೋದು: ಕೆಲವೇ ಸಾಮಾನುಗಳಲ್ಲಿ ಹೆಚ್ಚಿನ ದುಡ್ಡು ಕೂತಿರುತ್ತದೆ. ವಿಂಗಡಿಸುವುದು ವರ್ಷದ ಬಳಕೆಯ ಮೌಲ್ಯದ ಮೇಲೆ, ಅಂದರೆ ವರ್ಷಕ್ಕೆ ಎಷ್ಟು ಬೇಕು ಎನ್ನುವುದನ್ನು ಒಂದರ ಬೆಲೆಯಿಂದ ಗುಣಿಸಿದರೆ ಬರುವ ಮೊತ್ತದ ಮೇಲೆ. ಬರೀ ಬೆಲೆ ನೋಡಿ ವಿಂಗಡಿಸಿದರೆ ಮಾರ್ಕ್ಸ್ ಹೋಯಿತು ಅಂತಲೇ ಲೆಕ್ಕ.

ಪಂಪ್ ತಯಾರಿಸುವ ಒಂದು ಚಿಕ್ಕ ಕಾರ್ಖಾನೆ ಅಂದುಕೊಳ್ಳಿ. ಒಟ್ಟು 10 ಬಗೆಯ ಸಾಮಾನು, ವರ್ಷಕ್ಕೆ ₹20 ಲಕ್ಷ ಖರ್ಚು. ₹3,000ದ ಮೋಟರ್ 400 ಬೇಕು, ಅದೇ ₹12 ಲಕ್ಷ. ₹750ರ ಪಂಪ್ ಬಾಡಿ 400, ಅದು ₹3 ಲಕ್ಷ. ಈ ಎರಡೇ ಸೇರಿ ₹15 ಲಕ್ಷ: ಸಾಮಾನಿನಲ್ಲಿ 20%, ದುಡ್ಡಿನಲ್ಲಿ 75%. ಇವು ಎ. ಶಾಫ್ಟ್ ₹1.2 ಲಕ್ಷ, ಬೇರಿಂಗ್ ₹1 ಲಕ್ಷ, ಇಂಪೆಲ್ಲರ್ ₹80 ಸಾವಿರ, ಒಟ್ಟು ₹3 ಲಕ್ಷ, 15%. ಇವು ಬಿ. ಉಳಿದ ಐದು ಸೇರಿ ₹2 ಲಕ್ಷ, 10%. ಇವು ಸಿ.

ಈ ಸಿ ಗುಂಪಿನೊಳಗೆ ಏನಿದೆ ನೋಡಿ. ₹5ರ ಬೋಲ್ಟ್ 8,000 ಬೇಕು, ಮೊತ್ತ ₹40,000. ಅದರ ಪಕ್ಕದಲ್ಲೇ ವಿಶೇಷ ಆರ್ಡರ್‌ಗೆ ಬೇಕಾಗುವ ₹9,000ದ ಕಂಟ್ರೋಲ್ ಪ್ಯಾನೆಲ್, ವರ್ಷಕ್ಕೆ ಬರೀ 2, ಮೊತ್ತ ₹18,000. ಬೆಲೆಯಲ್ಲಿ ಮೋಟರ್‌ಗಿಂತ ಮೂರು ಪಟ್ಟು ಜಾಸ್ತಿ, ಆದರೂ ಸಿ. ಪ್ರಶ್ನೆ ಕೊಡುವವರು ಸಿಕ್ಕಿಸುವುದು ಇಲ್ಲೇ.

ಎ ಸಾಮಾನಿಗೆ ಬಿಗಿ ಹತೋಟಿ: ಪದೇ ಪದೇ ಎಣಿಕೆ, ಚಿಕ್ಕ ಆರ್ಡರ್, ಕಡಿಮೆ ಸೇಫ್ಟಿ ಸ್ಟಾಕ್. ಸಿಗೆ ಉಲ್ಟಾ: ಒಟ್ಟಿಗೆ ತಂದಿಡಿ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಿ ಮಧ್ಯದ್ದು, ಅಷ್ಟೇ. 70-20-10 ತರಹದ ಗೆರೆಗಳು ಶಾಸನವಲ್ಲ, ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಒಂದು ಮಿತಿಯನ್ನಂತೂ ಬರೆಯಲೇಬೇಕು: ಎಬಿಸಿ ನೋಡುವುದು ದುಡ್ಡು ಮಾತ್ರ. ಆ ₹5ರ ಬೋಲ್ಟ್ ಇಲ್ಲದಿದ್ದರೆ ಪಂಪ್ ಹೊರಗೆ ಹೋಗುವುದಿಲ್ಲ, ಅದಕ್ಕೇ ಸಾಮಾನು ಕೆಲಸಕ್ಕೆ ಎಷ್ಟು ಅನಿವಾರ್ಯ ಅಂತ ನೋಡುವ ವಿಇಡಿ ವಿಂಗಡಣೆಯನ್ನು ಇದರ ಜೊತೆ ಇಟ್ಟುಕೊಳ್ಳುತ್ತಾರೆ.

ಇನ್ನು ಕಾನ್‌ಬಾನ್. ಟೊಯೋಟಾದ ತೈಚಿ ಓನೊ ಅವರ ಕೆಲಸ ಇದು. ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಗಿರಾಕಿ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತಾನೆ, ಖಾಲಿಯಾದಷ್ಟನ್ನು ಅಂಗಡಿಯವರು ಮತ್ತೆ ತುಂಬುತ್ತಾರೆ. ಕಾರ್ಖಾನೆಯಲ್ಲೂ ಹಾಗೇ ಮಾಡಿದರು: ಮುಂದಿನ ಹಂತವೇ ಗಿರಾಕಿ. ಅದು ಬಂದು ತೆಗೆದುಕೊಂಡಷ್ಟನ್ನು ಮಾತ್ರ ಹಿಂದಿನ ಹಂತ ತಯಾರಿಸಬೇಕು. ಇದೇ ಪುಲ್. ಅಂದಾಜಿನ ಮೇಲೆ ತಯಾರಿಸಿ ಮುಂದೆ ತಳ್ಳಿದರೆ ಪುಶ್.

ಈ ಪುಲ್ ನಡೆಯುವುದು ಡಬ್ಬಿಗೆ ಹಾಕುವ ಕಾರ್ಡ್‌ಗಳಿಂದ, ಅವು ಎರಡು ಬಗೆ. ವಿತ್‌ಡ್ರಾವಲ್ ಕಾರ್ಡ್ ಸಾಗಿಸಲು ಅನುಮತಿ, ಪ್ರೊಡಕ್ಷನ್ ಕಾರ್ಡ್ ತಯಾರಿಸಲು ಅನುಮತಿ. ಸಾಗಿಸುವವನು ವಿತ್‌ಡ್ರಾವಲ್ ಕಾರ್ಡ್ ಹಿಡಿದು ಹಿಂದಿನ ಹಂತಕ್ಕೆ ಹೋಗುತ್ತಾನೆ, ತುಂಬಿದ ಡಬ್ಬಿಗೆ ಅಂಟಿದ್ದ ಪ್ರೊಡಕ್ಷನ್ ಕಾರ್ಡ್ ಬಿಚ್ಚಿ ಅಲ್ಲೇ ಬಿಡುತ್ತಾನೆ, ತನ್ನ ಕಾರ್ಡ್ ಸಿಕ್ಕಿಸಿ ಡಬ್ಬಿ ತರುತ್ತಾನೆ. ಅಲ್ಲಿ ಬಿಟ್ಟ ಕಾರ್ಡೇ 'ಇನ್ನೊಂದು ಡಬ್ಬಿ ತುಂಬು' ಎನ್ನುವ ಆರ್ಡರ್. ಕಾರ್ಡ್ ಇಲ್ಲದೆ ಏನೂ ತಯಾರಾಗಬಾರದು, ಏನೂ ಕದಲಬಾರದು, ಕೆಟ್ಟ ಪೀಸ್ ಮುಂದೆ ಹೋಗಲೇಬಾರದು.

ಎಷ್ಟು ಕಾರ್ಡ್ ಬೇಕು?

```
N = D × L × (1 + α) / C
```

D ಅಂದರೆ ಬೇಡಿಕೆ, L ಲೀಡ್ ಟೈಮ್ ಅಂದರೆ ಡಬ್ಬಿ ಮತ್ತೆ ತುಂಬಿ ಬರಲು ಹಿಡಿಯುವ ಸಮಯ, α ಸೇಫ್ಟಿ ಅಂಶ, C ಒಂದು ಡಬ್ಬಿಯಲ್ಲಿ ಹಿಡಿಯುವ ಸಂಖ್ಯೆ. ಗಂಟೆಗೆ 90 ಪೀಸ್, ಲೀಡ್ ಟೈಮ್ 120 ನಿಮಿಷ, α 10%, ಡಬ್ಬಿಗೆ 20 ಅಂತ ಕೊಟ್ಟರೆ ಮೊದಲು ನಿಮಿಷವನ್ನು 2 ಗಂಟೆ ಮಾಡಿಕೊಳ್ಳಿ:

```
90 × 2 × 1.1 / 20 = 9.9
```

ಕಾರ್ಡ್ ಅರೆಬರೆ ಇರುವುದಿಲ್ಲವಲ್ಲ, ಮೇಲಕ್ಕೆ ಹೋಗಿ 10. ಅಂದರೆ ಹೆಚ್ಚೆಂದರೆ 200 ಪೀಸ್ ಮಾತ್ರ ಓಡಾಡುತ್ತಿರುತ್ತವೆ. ಕೆಲಸ ಸರಾಗವಾಗಿ ನಡೆಯುತ್ತಿದ್ದರೆ ಒಂದು ಕಾರ್ಡ್ ತೆಗೆಯುತ್ತಾರೆ. ಆಗ ಎಲ್ಲಿ ಮೆಷಿನ್ ಸೆಟಪ್ ನಿಧಾನ, ಎಲ್ಲಿ ಸಪ್ಲೈ ತಡ ಅನ್ನುವುದು ಎದ್ದು ಕಾಣುತ್ತದೆ. ಅದನ್ನು ಸರಿ ಮಾಡಿ ಇನ್ನೊಂದು ತೆಗೆಯುತ್ತಾರೆ. ನನ್ನ ಪ್ರಕಾರ ಕಾನ್‌ಬಾನ್‌ನ ಜೀವ ಇರುವುದು ಇಲ್ಲೇ, ಆದರೆ ಉತ್ತರ ಪತ್ರಿಕೆಯಲ್ಲಿ ಇದನ್ನು ಬರೆಯುವವರು ಕಡಿಮೆ.

ಎರಡನ್ನೂ ಸೇರಿಸಿ ಪ್ರಶ್ನೆ ಬಂದರೆ ಆ ಪಂಪ್ ಕಾರ್ಖಾನೆಗೇ ವಾಪಸ್ ಬನ್ನಿ. ಮೋಟರ್‌ನಲ್ಲಿ ದುಡ್ಡು ಜಾಸ್ತಿ ಸಿಕ್ಕಿಕೊಂಡಿದೆ, ಬೇಡಿಕೆ ಹೆಚ್ಚುಕಮ್ಮಿ ಒಂದೇ ಸಮ, ಹಾಗಾಗಿ ಕಾರ್ಡ್ ಹಾಕಿ ಸ್ಟಾಕ್ ಇಳಿಸಬಹುದು. ಬೋಲ್ಟ್‌ಗೆ ಎರಡು ಡಬ್ಬಿ ಸಾಕು, ಒಂದು ಖಾಲಿಯಾದರೆ ಆರ್ಡರ್. ವರ್ಷಕ್ಕೆ 2 ಹೋಗುವ ಪ್ಯಾನೆಲ್‌ಗೆ ಕಾನ್‌ಬಾನ್ ಹಾಕಬೇಡಿ, ಕಾರ್ಡ್ ತಿಂಗಳುಗಟ್ಟಲೆ ಸುಮ್ನೆ ನೇತಾಡುತ್ತದೆ. ಆರ್ಡರ್ ಬಂದಾಗ ತರಿಸಿಕೊಳ್ಳಿ.