ನಾಗರತ್ನಕ್ಕನಿಗೆ ಸಹೋದ್ಯೋಗಿಗಳ ಬಿನ್ನವತ್ತಳೆ

ಪ್ರೀತಿಯ ನಾಗರತ್ನಕ್ಕ,

ಈ ಹಂಗಾಮಿನ ಸಹೋದ್ಯೋಗಿ ಮೆಚ್ಚುಗೆಯ ಗೌರವ ನಿಮಗೆ ಸಲ್ಲಬೇಕೆಂದು ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸ್ಯಾಂಪಲ್ ಕೋಣೆ, ಗೋದಾಮು ಮತ್ತು ಬೀಜ ಹೆಕ್ಕುವ ವಿಭಾಗದವರು ಒಟ್ಟಾಗಿ ತೀರ್ಮಾನಿಸಿದ್ದೇವೆ. ‘ನಿಷ್ಠಾವಂತರು, ಶ್ರಮಜೀವಿಗಳು, ಸರಳ ಸಜ್ಜನಿಕೆಯವರು’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅಂಥ ಪತ್ರದಲ್ಲಿ ನಿಮ್ಮ ಹೆಸರು ಅಳಿಸಿ ಬೇರೆ ಯಾರ ಹೆಸರು ಬರೆದರೂ ಹೊಂದಿಕೊಳ್ಳುತ್ತದೆ. ನೀವು ಮಾಡಿದ ಕೆಲಸ ಬೇರೆ ಯಾರದೂ ಅಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇವೆ.

ಫೆಬ್ರುವರಿ ಮೊದಲ ವಾರ. ರೊಬಸ್ಟಾ ಚೆರಿ ಲಾರಿಗಟ್ಟಲೆ ಬರುತ್ತಿದ್ದ ದಿನಗಳು. ಆಲ್ದೂರು ಕಡೆಯ ಸಣ್ಣ ಬೆಳೆಗಾರರೊಬ್ಬರು ಹದಿನಾಲ್ಕು ಮೂಟೆ ತಂದಿದ್ದರು. ಮೀಟರ್ ತೇವಾಂಶ 13 ಎಂದು ತೋರಿಸಿತು. ಚೆರಿ ಶೇ. 11ಕ್ಕೆ ಒಣಗಿರಬೇಕು, ಲೆಕ್ಕದ ಪ್ರಕಾರ ತೂಕ ಕಡಿತ ಮಾಡಿ ಮುಂದಿನ ಲಾರಿಯನ್ನು ಕರೆಯಬೇಕಿತ್ತು. ಹೊರಗೆ ಸಾಲು ಗೇಟಿನವರೆಗೂ ಬೆಳೆದಿತ್ತು. ನೀವು ಮಾತ್ರ ಒಂದು ಹಿಡಿ ಚೆರಿಯನ್ನು ಅಂಗೈಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದಿರಿ. ಚೆನ್ನಾಗಿ ಒಣಗಿದ ಚೆರಿ ಗಲಗಲ ಎನ್ನುತ್ತದೆ. ಇದೂ ಗಲಗಲ ಎನ್ನುತ್ತಿತ್ತು. ‘ಇದು ಹದಿಮೂರರ ಸದ್ದಲ್ಲ, ಸ್ವಲ್ಪ ತಡೆಯಿರಿ’ ಎಂದಿರಿ. ಅದೇ ಸ್ಯಾಂಪಲ್ಲನ್ನು ಇನ್ನೆರಡು ಸಲ ಅಳೆದು ನೋಡಿದಾಗಲೂ ಅಂಕಿ ಬದಲಾಗಲಿಲ್ಲ. ಆಗ ಮೀಟರನ್ನೇ ತಿರುಗಿಸಿ ನೋಡಿದಿರಿ. ಅದನ್ನು ಚೆರಿಗೆ ಹೊಂದಿಸಿರಲಿಲ್ಲ, ಪಾರ್ಚ್‌ಮೆಂಟ್‌ಗೆ ಹೊಂದಿಸಿ ಹಾಗೆಯೇ ಬಿಡಲಾಗಿತ್ತು. ಸರಿಪಡಿಸಿ ಅಳೆದಾಗ ಬಂದದ್ದು 11.

ಆ ಒಬ್ಬರ ಕಡಿತವನ್ನು ಹೊಡೆದುಹಾಕಿ ಸುಮ್ಮನಾಗಿದ್ದರೂ ಯಾರೂ ನಿಮ್ಮನ್ನು ಕೇಳುತ್ತಿರಲಿಲ್ಲ. ನೀವು ಸಂಜೆ ಉಳಿದು ಹಿಂದಿನ ಮೂರು ದಿನಗಳ ರಿಜಿಸ್ಟರ್ ತೆಗೆದಿರಿ. ಗೋದಾಮಿನಲ್ಲಿ ಎತ್ತಿಟ್ಟಿದ್ದ ಸ್ಯಾಂಪಲ್ ಪೊಟ್ಟಣಗಳನ್ನು ಒಂದೊಂದಾಗಿ ಮತ್ತೆ ಅಳೆದಿರಿ. ಒಂಬತ್ತು ಜನರಿಗೆ ತಪ್ಪು ಕಡಿತವಾಗಿತ್ತು. ಅವುಗಳಲ್ಲಿ ಎರಡು ನಿಮ್ಮದೇ ಪಾಳಿಯವು. ವ್ಯವಸ್ಥಾಪಕರ ಮುಂದಿಟ್ಟ ಪಟ್ಟಿಯಲ್ಲಿ ಆ ಎರಡನ್ನು ನೀವು ಮೊದಲು ಬರೆದಿದ್ದಿರಿ. ಆ ಪಟ್ಟಿ ಕಂಡ ದಿನ ನಮ್ಮಲ್ಲಿ ಹಲವರಿಗೆ ಮಾತು ಹೊರಡಲಿಲ್ಲ. ಒಂಬತ್ತೂ ಮಂದಿಗೆ ಫೋನ್ ಮಾಡಿ, ತಪ್ಪು ನಮ್ಮದು ಎಂದು ಹೇಳಿ, ವಾರದೊಳಗೆ ಹಣ ಕೊಡಿಸಿದಿರಿ. ಈಗ ಪ್ರತಿ ಲಾರಿಗೂ ಮೊದಲು ಮೀಟರ್ ಯಾವುದಕ್ಕೆ ಹೊಂದಿಕೊಂಡಿದೆ ಎಂದು ಇಬ್ಬರು ನೋಡಿ ರಿಜಿಸ್ಟರಿನಲ್ಲಿ ಸಹಿ ಮಾಡುತ್ತೇವೆ. ಆ ಅಂಕಣದ ಗೆರೆ ಎಳೆದವರು ನೀವೇ.

ಇನ್ನೊಂದು, ಹೆಕ್ಕುವ ವಿಭಾಗದ ಕಿಟಕಿಯ ಪಕ್ಕದಲ್ಲಿರುವ ಗಾಜಿನ ಚೌಕಟ್ಟು. ಕಪ್ಪು ಬೀಜ, ಒಡೆದ ಬೀಜ, ಬೂಷ್ಟು ಹಿಡಿದದ್ದು, ಕಾಯಿಕೊರಕ ಸೂಜಿಮೊನೆಯಷ್ಟು ತೂತು ಕೊರೆದದ್ದು, ಹೀಗೆ ಪ್ರತಿ ದೋಷಕ್ಕೂ ನಿಜವಾದ ಬೀಜಗಳನ್ನೇ ಅಂಟಿಸಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿದ್ದೀರಿ. ಅದಕ್ಕೂ ಮೊದಲು ಹೊಸದಾಗಿ ಬಂದ ಹೆಣ್ಣುಮಕ್ಕಳು ಬೈಸಿಕೊಂಡೇ ಕಲಿಯಬೇಕಿತ್ತು. ಹುಳಿತು ನಾರುವ ಒಂದೇ ಬೀಜ ಸಾಕು, ಅದು ಬಿದ್ದ ಡಿಕಾಕ್ಷನ್ ಕೆಡುತ್ತದೆ. ಆದರೆ ಅದನ್ನು ಗುರುತಿಸುವ ಬಗೆಯನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಈ ಬಾರಿ ಹೊಸಬರು ಸಂದೇಹ ಬಂದ ಬೀಜ ಹಿಡಿದು ತಾವಾಗಿಯೇ ಎದ್ದು ಹೋಗಿ ಗಾಜಿನೊಂದಿಗೆ ಹೋಲಿಸುತ್ತಿದ್ದರು. ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಸರಿಸಬೇಕೆಂಬ ಯೋಚನೆ ಜಯಮ್ಮನವರದು ಎಂದು ನೀವು ಪ್ರತಿ ಸಲ ಹೇಳುತ್ತೀರಿ. ಅದನ್ನೂ ಇಲ್ಲಿ ದಾಖಲಿಸುತ್ತಿದ್ದೇವೆ.

ಮಧ್ಯಾಹ್ನದ ಪಾಳಿಯವರ ಬಸ್ಸಿಗೆ ಹೊಂದುವಂತೆ ಬಿಡುವಿನ ವೇಳೆಯನ್ನು ಬದಲಿಸಿದ್ದು ಸಣ್ಣ ಸಂಗತಿ ಎಂದು ನೀವು ಅನ್ನಬಹುದು. ಮೂಡಿಗೆರೆ ದಾರಿಯಲ್ಲಿ ಕತ್ತಲಾಗುವ ಮೊದಲು ಮನೆ ಸೇರುವವರು ಹಾಗೆ ಅನ್ನುವುದಿಲ್ಲ.

ಆಲ್ದೂರಿನ ಆ ಬೆಳೆಗಾರರು ಮಾರ್ಚ್‌ನಲ್ಲಿ ಒಂದು ಪೊಟ್ಟಣ ಕರಿಮೆಣಸು ತಂದುಕೊಟ್ಟು ಹೋದರು. ನೀವು ಅದನ್ನು ಮನೆಗೆ ಒಯ್ಯದೆ ಎಲ್ಲರಿಗೂ ಹಂಚಿದಿರಿ. ನಮ್ಮ ಅಡುಗೆಮನೆಗಳಲ್ಲಿ ಆ ಮೆಣಸು ಇನ್ನೂ ಇದೆ.

ಚೌಕಟ್ಟಿನ ಗಾಜು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಈ ಪತ್ರದ ಜೊತೆಗೆ ಹೊಸ ಗಾಜು ಹಾಕಿಸಿದ ದೊಡ್ಡ ಚೌಕಟ್ಟೊಂದನ್ನು ನಿಮ್ಮ ಕೈಗೆ ಕೊಡುತ್ತಿದ್ದೇವೆ. ಒಳಗೆ ಇನ್ನೂ ಏನೂ ಅಂಟಿಸಿಲ್ಲ. ಮುಂದಿನ ಹಂಗಾಮಿನ ಬೀಜಗಳನ್ನು ನೀವು ಆರಿಸಿ ಕೊಡಿ, ಅಂಟಿಸುವ ಕೆಲಸ ನಮಗಿರಲಿ.

ಇಂತಿ ನಿಮ್ಮ ಸಹೋದ್ಯೋಗಿಗಳು,
ಸ್ಯಾಂಪಲ್ ಕೋಣೆ, ಗೋದಾಮು ಮತ್ತು ಹೆಕ್ಕುವ ವಿಭಾಗ
ಚಿಕ್ಕಮಗಳೂರು