ಅಧ್ಯಾಯ 5: ಪರಿಸರ ಮತ್ತು ಸಾಮಾಜಿಕ ಪರಿಣಾಮ – ಕಲ್ಲುಕೊಲ್ಲಿ ಹಾಡಿ ರಸ್ತೆ ಅಭಿವೃದ್ಧಿ ಕಾಮಗಾರಿ, ಮಡಿಕೇರಿ ತಾಲ್ಲೂಕು

5.1 ಈಗಿನ ಸ್ಥಿತಿ

ಶಾಲೆಯ ತಿರುವಿನಿಂದ ಮೇಲಿನ ಹಾಡಿಯವರೆಗಿನ 2.4 ಕಿ.ಮೀ. ಮಣ್ಣಿನ ದಾರಿಯನ್ನು 3.75 ಮೀಟರ್ ಅಗಲದ ಕಾಂಕ್ರೀಟ್ ರಸ್ತೆಯನ್ನಾಗಿ ಮಾಡುವುದು ಈ ಕಾಮಗಾರಿ. ದಾರಿಯ ಎರಡೂ ಬದಿ ಕಾಫಿ ತೋಟ, ಕೆಳಗೆ ಗದ್ದೆ, ನಡುವೆ ಮೂರು ತೋಡುಗಳು. ತುದಿಯಲ್ಲಿ ಯರವ ಸಮುದಾಯದ 16 ಮನೆಗಳ ಹಾಡಿ, ಅದಕ್ಕೆ ಮೊದಲು 11 ಲೈನ್ ಮನೆಗಳು ಮತ್ತು 11 ಬೆಳೆಗಾರರ ಮನೆಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡನೇ ತೋಡಿನಾಚೆ ಜೀಪು ಹೋಗುವುದಿಲ್ಲ. ಕಾಯಿಲೆಯವರನ್ನು ಅಲ್ಲಿಂದ ಹೊತ್ತು ತರುತ್ತಾರೆ. ರಸ್ತೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕಡಿದ ಮಣ್ಣನ್ನು ಎಲ್ಲಿ ಹಾಕುತ್ತೇವೆ, ಬಿದ್ದ ನೀರನ್ನು ಎಲ್ಲಿಗೆ ಬಿಡುತ್ತೇವೆ ಎಂಬುದರ ಮೇಲೆ ಇದರ ಒಳಿತು ಕೆಡುಕು ನಿಂತಿದೆ.

ಗ್ರಾಮೀಣ ರಸ್ತೆಯಾದ್ದರಿಂದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪೂರ್ವಾನುಮತಿ ಬೇಕಿಲ್ಲ. ಅನುಮತಿ ಬೇಡ ಎಂದ ಮಾತ್ರಕ್ಕೆ ಪರಿಣಾಮವೇ ಇಲ್ಲ ಎಂದಾಗುವುದಿಲ್ಲ. ಆದ್ದರಿಂದ ಈ ಅಧ್ಯಾಯದ ಷರತ್ತುಗಳನ್ನು ಟೆಂಡರ್ ಕರಾರಿನ ಭಾಗವಾಗಿ ಸೇರಿಸಲಾಗಿದೆ.

5.2 ಬರೆ, ಮಣ್ಣು ಮತ್ತು ನೀರು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದ್ದನ್ನು ಈ ತಾಲ್ಲೂಕಿನ ಯಾರಿಗೂ ನೆನಪಿಸಬೇಕಾಗಿಲ್ಲ. ಅದೇ ವಾರ ಈ ದಾರಿಯ 1.2 ಕಿ.ಮೀ. ಬಳಿಯೂ ಬರೆ, ಅಂದರೆ ದಾರಿ ಪಕ್ಕದ ಕಡಿದಾದ ಮಣ್ಣಿನ ಬದಿ, ಕುಸಿದು ಕೆಳಗಿನ ಗದ್ದೆಯ ಒಂದು ಮೂಲೆ ಮುಚ್ಚಿಹೋಗಿತ್ತು. ಗದ್ದೆಯವರು ಆ ಜಾಗವನ್ನು ಇಂದಿಗೂ ನಾಟಿ ಮಾಡಿಲ್ಲ. ಕುಸಿದ ಬರೆಯಲ್ಲಿ ಈಗಲೂ ಬೇಸಿಗೆಯಲ್ಲಿ ಮಣ್ಣು ತೇವವಾಗಿರುತ್ತದೆ. ಅಂದರೆ ಒಳಗೆ ಒರತೆ ಇದೆ.

ಮೊದಲ ಅಂದಾಜಿನಲ್ಲಿ 1.1ರಿಂದ 1.5 ಕಿ.ಮೀ.ವರೆಗೆ ಬೆಟ್ಟದ ಬದಿಯನ್ನು ಎರಡು ಮೀಟರ್ ಕಡಿದು ಅಗಲ ಮಾಡುವ ಯೋಜನೆಯಿತ್ತು. ಸ್ಥಳ ಪರಿಶೀಲನೆಯ ನಂತರ ಅದನ್ನು ಕೈಬಿಟ್ಟಿದ್ದೇವೆ. ಈ 400 ಮೀಟರ್‌ನಲ್ಲಿ ರಸ್ತೆ 3 ಮೀಟರ್ ಅಗಲಕ್ಕೇ ನಿಲ್ಲುತ್ತದೆ. ಎದುರು ವಾಹನಕ್ಕೆ ದಾರಿ ಬಿಡಲು ಗಟ್ಟಿ ನೆಲವಿರುವ ಎರಡು ಕಡೆ ಮಾತ್ರ ಅಗಲ ಸಿಗುತ್ತದೆ. ಕಣಿವೆಯ ಬದಿಗೆ ಕಲ್ಲು ತುಂಬಿದ ತಂತಿಬುಟ್ಟಿಯ ತಡೆಗೋಡೆ ಬರುತ್ತದೆ. ಒರತೆಯ ನೀರು ಕಲ್ಲುಗಳ ನಡುವೆ ಹಾದುಹೋಗಬೇಕು, ಕಾಂಕ್ರೀಟ್ ಗೋಡೆ ಕಟ್ಟಿದರೆ ಆ ನೀರು ಹಿಂದೆ ನಿಂತು ಗೋಡೆಯನ್ನೇ ತಳ್ಳುತ್ತದೆ.

ಒಟ್ಟು 4,200 ಘನ ಮೀಟರ್ ಮಣ್ಣು ಬರುತ್ತದೆ. 2,600 ಘನ ಮೀಟರ್ ರಸ್ತೆಯ ತಗ್ಗು ತುಂಬಲು ಬಳಕೆಯಾಗುತ್ತದೆ. ಉಳಿದ 1,600 ಘನ ಮೀಟರನ್ನು ಮೂರು ಕಿ.ಮೀ. ದೂರದ, ಪಂಚಾಯಿತಿಗೆ ಸೇರಿದ ಹಳೆಯ ಕಲ್ಲುಗುಂಡಿಗೆ ಸಾಗಿಸಬೇಕು. ಜೆಸಿಬಿಯಿಂದ ಮಣ್ಣನ್ನು ಇಳಿಜಾರಿಗೆ ತಳ್ಳುವುದು ನಮ್ಮ ಜಿಲ್ಲೆಯ ರಸ್ತೆ ಕೆಲಸಗಳಲ್ಲಿ ಬಹುಕಾಲದ ಕೆಟ್ಟ ರೂಢಿ. ಹಾಗೆ ಬಿದ್ದ ಸಡಿಲ ಮಣ್ಣು ಮೊದಲ ದೊಡ್ಡ ಮಳೆಗೆ ತೋಡು ಸೇರಿ, ಮೋರಿ ಕಟ್ಟಿಕೊಂಡು, ನೀರು ರಸ್ತೆಯ ಮೇಲೇ ಹರಿಯುತ್ತದೆ. ಇಲ್ಲಿ ಒಂದು ಬುಟ್ಟಿ ಮಣ್ಣೂ ಕೆಳಗೆ ಬೀಳಕೂಡದು. ಬಿದ್ದರೆ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ತೆಗೆಯುವವರೆಗೆ ಬಿಲ್ ಪಾಸಾಗುವುದಿಲ್ಲ.

ಮೂರು ತೋಡುಗಳಿಗೂ ಈಗಿರುವ ಕೊಳವೆ ಮೋರಿ ತೆಗೆದು ಪೆಟ್ಟಿಗೆ ಮೋರಿ ಹಾಕಲಾಗುವುದು, ಮರದ ಕೊಂಬೆ ಬಂದರೂ ಸಿಕ್ಕಿಕೊಳ್ಳದಷ್ಟು ದೊಡ್ಡದು. ಮೋರಿಯ ಬಾಯಿಂದ ನೀರು ನೇರವಾಗಿ ತೋಟಕ್ಕೆ ಧುಮುಕದಂತೆ ಕಲ್ಲಿನ ಮೆಟ್ಟಿಲು ಕಟ್ಟಿ ತೋಡಿಗೆ ಇಳಿಸಲಾಗುವುದು. ಕಡಿದ ಬರೆಗೆ ಮೊದಲ ಮಳೆಗೆ ಮುನ್ನವೇ ಲಾವಂಚ ನೆಡಬೇಕು.

ಕೆಲಸದ ಕಾಲ ಹೀಗೆ: ಮಣ್ಣು ಕಡಿಯುವುದು ಜನವರಿಯಲ್ಲಿ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯಬೇಕು. ಮೋರಿ, ಚರಂಡಿ, ತಡೆಗೋಡೆಗಳಿಗೆ ಮೇ 15 ಕೊನೆ. ಅಷ್ಟರೊಳಗೆ ಕಾಂಕ್ರೀಟ್ ಆಗದಿದ್ದರೆ ಅದನ್ನು ಅಕ್ಟೋಬರ್‌ಗೆ ಬಿಡಬಹುದು. ಅರೆ ಕಡಿದ ಬರೆಯನ್ನು ಮಾತ್ರ ಮಳೆಗಾಲಕ್ಕೆ ಬಿಡುವಂತಿಲ್ಲ.

5.3 ಮರ, ದೇವರಕಾಡು, ಆನೆ

14 ಮರಗಳನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಕೇಳಲಾಗಿದೆ: 11 ಸಿಲ್ವರ್ ಓಕ್, 3 ಹಲಸು. ತಿರುವಿನ ದೊಡ್ಡ ಬೀಟೆ ಮರ ಉಳಿಯುವಂತೆ ರಸ್ತೆಯ ಗೆರೆಯನ್ನು ಸರಿಸಿದ್ದೇವೆ. ನಾಲ್ಕು ಮರಗಳು ರಿಡೀಮ್ ಆಗದ, ಅಂದರೆ ಮರದ ಹಕ್ಕನ್ನು ಸರ್ಕಾರದಿಂದ ಬಿಡಿಸಿಕೊಳ್ಳದ, ಜಮೀನಿನಲ್ಲಿರುವುದರಿಂದ ಅವುಗಳ ಮೌಲ್ಯ ಸರ್ಕಾರಕ್ಕೆ ಸೇರುತ್ತದೆ. ಕಡಿಯುವ ಮುನ್ನ ಇದು ಇತ್ಯರ್ಥವಾಗಬೇಕು.

2.0 ಕಿ.ಮೀ. ಬಳಿ ದಾರಿ ದೇವರಕಾಡಿನ ಅಂಚನ್ನು ಮುಟ್ಟುತ್ತದೆ. ಆ ಬದಿಗೆ ಅಗಲ ಮಾಡುವುದಿಲ್ಲ. ಜಲ್ಲಿ ಸುರಿಯುವುದು, ಕೆಲಸಗಾರರ ಬಿಡಾರ, ಒಲೆ, ಯಾವುದೂ ಅಲ್ಲಿ ಇರಕೂಡದು. ಊರಿನ ಮುಖ್ಯಸ್ಥರಾದ ತಕ್ಕರ ಜೊತೆ ನಿಂತು ಗಡಿಗೆ ಗೂಟ ಹಾಕಿಯಾಗಿದೆ.

0.6 ಕಿ.ಮೀ.ನಲ್ಲಿ ಆನೆಗಳು ತೋಟದಿಂದ ತೋಟಕ್ಕೆ ದಾಟುತ್ತವೆ. ಅಲ್ಲಿ ತಡೆಗೋಡೆಯನ್ನು 12 ಮೀಟರ್ ಬಿಟ್ಟು ಇಳಿಜಾರಾಗಿ ಮಾಡಲಾಗುವುದು. ಸಂಜೆ 5.30ರ ನಂತರ, ಬೆಳಿಗ್ಗೆ 7.30ಕ್ಕೆ ಮುನ್ನ ಕೆಲಸವಿಲ್ಲ.

5.4 ಜನ

ಗ್ರಾಮ ಸಭೆ ಮಧ್ಯಾಹ್ನ ನಡೆದಿತ್ತು. ಕೂಲಿಗೆ ಹೋಗುವ ಹಾಡಿಯವರು, ಲೈನ್ ಮನೆಯವರು ಬಂದಿರಲಿಲ್ಲ. ಅವರ ಒಪ್ಪಿಗೆಯೂ ಸಿಕ್ಕಿತೆಂದು ಬರೆಯುವುದು ಸರಿಯಲ್ಲವೆಂದು ಮತ್ತೊಂದು ಸಂಜೆ ಹಾಡಿಯಲ್ಲೇ ಕುಳಿತು ಮಾತನಾಡಿದೆವು. ನಕ್ಷೆಯಲ್ಲಿ ಇಲ್ಲದ ಒಂದು ಸಂಗತಿ ಅಲ್ಲಿ ತಿಳಿಯಿತು. 1.8 ಕಿ.ಮೀ.ನಲ್ಲಿ ರಸ್ತೆಯ ಕೆಳಗಿನ ಒರತೆಯೇ ಬೇಸಿಗೆಯಲ್ಲಿ ಹಾಡಿಯ ಕುಡಿಯುವ ನೀರು. ನಮ್ಮ ಚರಂಡಿಯ ಕೊಳೆ ನೀರು ಸರಿಯಾಗಿ ಅದರೊಳಗೇ ಬೀಳುವಂತಿತ್ತು. ಇದನ್ನು ತೋರಿಸಿಕೊಟ್ಟವರು ದಿನವೂ ಅಲ್ಲಿಂದ ನೀರು ಹೊರುವ ಹೆಂಗಸರು. ಈಗ ಚರಂಡಿಯನ್ನು 60 ಮೀಟರ್ ಮುಂದಕ್ಕೆ ಒಯ್ದು ಮೂರನೇ ತೋಡಿಗೆ ಬಿಡಲಾಗಿದೆ. ಒರತೆಗೆ ಕಲ್ಲುಕಟ್ಟೆ, ಮುಚ್ಚಳ, ಹಾಡಿಯವರೆಗೆ ಕೊಳವೆ ಸೇರಿಸಲಾಗಿದೆ.

ಆರು ಹಿಡುವಳಿದಾರರ ಅಂಚಿನ ಜಾಗ ಬೇಕಿತ್ತು. ಐವರು ಲಿಖಿತವಾಗಿ ಒಪ್ಪಿದ್ದಾರೆ. ಆರನೆಯವರಿಗೆ ಇರುವುದೇ 40 ಸೆಂಟ್. ಅವರಿಂದ ದಾನ ಕೇಳುವುದು ನ್ಯಾಯವಲ್ಲವಾದ್ದರಿಂದ ರಸ್ತೆಯನ್ನು ಎದುರು ಬದಿಗೆ ಸರಿಸಲಾಗಿದೆ. ಹೋಗುವ ಕಾಫಿ ಗಿಡ, ಮೆಣಸಿನ ಬಳ್ಳಿಗಳ ಪರಿಹಾರ ಯಂತ್ರ ಬರುವ ಮೊದಲೇ ಕೈಸೇರಬೇಕು.

ಜನವರಿಯಿಂದ ಮಾರ್ಚ್ ರೊಬಸ್ಟಾ ಕೊಯ್ಲಿನ ಸಮಯ. ಬೆಳಿಗ್ಗೆ 9ಕ್ಕೆ ಮುನ್ನ ಮತ್ತು ಸಂಜೆ 4ರ ನಂತರ ದಾರಿ ತೆರೆದಿರುತ್ತದೆ. ರೋಗಿಗಳಿಗೆ ಯಾವ ಹೊತ್ತಿಗೂ. ಹೂಮಳೆ ಬಿದ್ದು ಕಾಫಿ ಅರಳಿದ ದಿನಗಳಲ್ಲಿ ದೂಳೇಳುವ ಕೆಲಸ ನಿಲ್ಲಬೇಕು. ಉಳಿದ ದಿನ ನೀರು ಚಿಮುಕಿಸಬೇಕು, ಆದರೆ ತೋಡಿನ ನೀರೆತ್ತಕೂಡದು. ಸೂಚನಾ ಫಲಕ ಕನ್ನಡದಲ್ಲೂ, ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರಿಗಾಗಿ ಅಸ್ಸಾಮಿಯಲ್ಲೂ ಇರುತ್ತದೆ. ಹಾಡಿಯಿಂದ ಕೆಲಸಕ್ಕೆ ಬರುವ ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ.

ರಸ್ತೆಯಾದ ಮೇಲೆ ವೇಗ ಹೆಚ್ಚುತ್ತದೆ, ಹೋಂಸ್ಟೇ ವಾಹನಗಳು ಬರುತ್ತವೆ. ಹಾಡಿಯ ಮುಂದೆ ಮತ್ತು ಶಾಲೆಯ ಬಳಿ ವೇಗತಡೆ ಹಾಕುತ್ತೇವೆ. ಬೆಟ್ಟದ ಮೇಲೆ ಹೊಸ ಕಟ್ಟಡಕ್ಕಾಗಿ ಮಣ್ಣು ಕಡಿಯುವುದನ್ನು ಈ ಕಾಮಗಾರಿ ತಡೆಯಲಾರದು. ಪಂಚಾಯಿತಿ ಪರವಾನಗಿ ಕೊಡುವಾಗ ಅದನ್ನು ನೋಡಲೇಬೇಕೆಂದು ಪ್ರತ್ಯೇಕ ಪತ್ರ ಬರೆಯಲಾಗಿದೆ.

5.5 ವೆಚ್ಚ ಮತ್ತು ಹೊಣೆ

ಒಟ್ಟು ಅಂದಾಜು 1.86 ಕೋಟಿ ರೂಪಾಯಿಯಲ್ಲಿ 14.2 ಲಕ್ಷ ಈ ಅಧ್ಯಾಯದ ಕೆಲಸಗಳಿಗೆ: ಮಣ್ಣು ಸಾಗಣೆ 4.8 ಲಕ್ಷ, ಎರಡು ಮಳೆಗಾಲ ಚರಂಡಿ ಮತ್ತು ಮೋರಿ ನಿರ್ವಹಣೆ 2.4, ಬೆಳೆ ಪರಿಹಾರ 2.3, ಲಾವಂಚ ಮತ್ತು ಬರೆ ರಕ್ಷಣೆ 1.9, ಒರತೆ ಮತ್ತು ಕೊಳವೆ 1.6, ನೀರು ಚಿಮುಕಿಸುವುದು ಮತ್ತು ಸುರಕ್ಷತೆ 1.2. ಇವನ್ನು ಇತರ ಬಾಬ್ತಿನೊಳಗೆ ಸೇರಿಸದೆ ಬಿಲ್‌ನಲ್ಲಿ ಬೇರೆಯೇ ತೋರಿಸಬೇಕು, ಇಲ್ಲವಾದರೆ ಮಣ್ಣು ಸಾಗಿಸಿದರೂ ಸಾಗಿಸದಿದ್ದರೂ ದುಡ್ಡು ಒಂದೇ ಆಗಿಬಿಡುತ್ತದೆ.

ದೂರು ಪುಸ್ತಕ ಪಂಚಾಯಿತಿ ಕಚೇರಿಯಲ್ಲಿ ಒಂದು, ಹಾಡಿಯ ಅಂಗನವಾಡಿಯಲ್ಲಿ ಒಂದು ಇರುತ್ತದೆ. ಬರೆಯಲು ಬಾರದವರ ದೂರನ್ನು ಅಂಗನವಾಡಿ ಕಾರ್ಯಕರ್ತೆ ಬರೆದುಕೊಳ್ಳುತ್ತಾರೆ. ಕಿರಿಯ ಎಂಜಿನಿಯರ್ ಎರಡು ದಿನದೊಳಗೆ ಸ್ಥಳಕ್ಕೆ ಬಂದು ಅದೇ ಪುಟದಲ್ಲಿ ಉತ್ತರ ಬರೆಯಬೇಕು. ಬರೆಯಲ್ಲಿ ಬಿರುಕು ಕಂಡರೆ, ಒರತೆ ಕೆಂಪಾದರೆ ಎರಡು ದಿನ ಕಾಯದೆ ಅಂದೇ ಕೆಲಸ ನಿಲ್ಲಿಸಬೇಕು. ಜೂನ್ ಮೊದಲ ವಾರ, ಜೋರು ಮಳೆ ಸುರಿಯುತ್ತಿರುವಾಗಲೇ, ಎಂಜಿನಿಯರ್, ಗುತ್ತಿಗೆದಾರರು ಮತ್ತು ಹಾಡಿಯ ಇಬ್ಬರು ಇಡೀ 2.4 ಕಿ.ಮೀ. ನಡೆದು ಪ್ರತಿ ಮೋರಿಯ ಬಾಯಿ ನೋಡಿ ಸಹಿ ಹಾಕಿದ ಮೇಲೆಯೇ ಕೊನೆಯ ಕಂತು ಬಿಡುಗಡೆಯಾಗುತ್ತದೆ.